ಬಾಯಮ್ಮನ ವಿನೆಗರ್ ಮತ್ತು ಏಳರಲ್ಲಿ ನಿಲ್ಲದ ಪಿಎಚ್

ನಮ್ಮ ಪಕ್ಕದ ಮನೆಯ ಬಾಯಮ್ಮ ತೆಂಗಿನ ಕಳ್ಳಿನಿಂದ ವಿನೆಗರ್ ಮಾಡುತ್ತಾರೆ. ಹಂದಿಮಾಂಸದ ಇಂದಾದ್‌ಗೂ ಉಪ್ಪಿನಕಾಯಿಗೂ ಮಂಗಳೂರಿನ ನಾಲ್ಕೈದು ಮನೆಯವರು ಅವರಿಂದಲೇ ಕೊಳ್ಳುವುದು. ಜುಲೈಯ ಒಂದು ಮಳೆಯ ಸಂಜೆ ಬಾಟಲಿ ಹಿಡಿದು ಬಂದರು. "ಸರ್, ಅಂಗಡಿಯವರು ಇದರಲ್ಲಿ ಹುಳಿ ಎಷ್ಟು ಉಂಟು ಅಂತ ಕೇಳ್ತಾರೆ. ನಿಮ್ಮ ಲ್ಯಾಬಲ್ಲಿ ನೋಡ್ಲಿಕ್ಕೆ ಆಗ್ತದಾ?" ವಿನೆಗರ್ ಅಂತ ಮಾರಬೇಕಾದರೆ 100 ಮಿ.ಲೀ.ಯಲ್ಲಿ ಕನಿಷ್ಠ 3.75 ಗ್ರಾಂ ಅಸಿಟಿಕ್ ಆಮ್ಲ ಇರಬೇಕು. ರಸಾಯನಶಾಸ್ತ್ರ ಪಾಠ ಮಾಡುವವನಿಗೆ ಇದೆಂತ ಕಷ್ಟ ಅಂದುಕೊಂಡು ಬಾಟಲಿ ತೆಗೆದುಕೊಂಡೆ.

ಕಳ್ಳಿನ ವಿನೆಗರ್‌ಗೆ ಮಾಸಲು ಹಳದಿ ಬಣ್ಣ. ಹಾಗೆಯೇ ಹನಿಹನಿ ಬೇಸ್ ಬಿಟ್ಟು ಟೈಟ್ರೇಟ್ ಮಾಡಿದರೆ ಸೂಚಕದ ಬಣ್ಣ ಕಾಣುವುದಿಲ್ಲ. ಆದ್ದರಿಂದ 10 ಮಿ.ಲೀ.ಯನ್ನು 100ಕ್ಕೆ ತೆಳು ಮಾಡಿ, ಅದರಲ್ಲಿ 25 ಮಿ.ಲೀ. ಪಿಪೆಟ್ ಮಾಡಿ, ಬ್ಯುರೆಟ್ಟಿಗೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ತುಂಬಿದೆವು. ಜೊತೆಗಿದ್ದ ವಿದ್ಯಾರ್ಥಿ ಗಡಿಬಿಡಿಯಲ್ಲಿ ಪಕ್ಕದ ಬಾಟಲಿಯ ಮೀಥೈಲ್ ಆರೆಂಜ್ ಹಾಕಿದ. ಸುಮಾರು 4.8 ಮಿ.ಲೀ. ಹೋಗುವಷ್ಟರಲ್ಲಿ ದ್ರಾವಣ ಪೂರ್ತಿ ಹಳದಿ. ಅದೂ ಒಂದೇ ಹನಿಗೆ ತಿರುಗಿದ್ದಲ್ಲ, ಕಿತ್ತಳೆಯಿಂದ ಮೆಲ್ಲಗೆ ಜಾರಿಕೊಂಡು ಹೋದದ್ದು. ಆ ಲೆಕ್ಕದಲ್ಲಿ ಬಾಯಮ್ಮನ ವಿನೆಗರ್‌ನಲ್ಲಿ ಆಮ್ಲ ಬರೀ 1.15 ಗ್ರಾಂ! ನಾಲಿಗೆಗೆ ಒಂದು ಹನಿ ಹಾಕಿದರೂ ಸುಳ್ಳು ಅಂತ ಗೊತ್ತಾಗುತ್ತಿತ್ತು.

ಬಣ್ಣ ಹಾಗೆ ಜಾರುವುದೇ ಸೂಚಕ ತಪ್ಪಿದ್ದಕ್ಕೆ ಗುರುತು. ಮೀಥೈಲ್ ಆರೆಂಜ್ ಬಣ್ಣ ಬದಲಿಸುವುದು ಪಿಎಚ್ 3.1ರಿಂದ 4.4ರ ನಡುವೆ. ಅಸಿಟಿಕ್ ಆಮ್ಲದ ಪಿಕೆಎ 4.76. ಅಂದರೆ ಆಮ್ಲದ ಅರ್ಧ ಭಾಗ ಮುಗಿದಾಗ ಪಿಎಚ್ 4.76 ಇರುತ್ತದೆ. 4.4ರಲ್ಲಿ ಮುಗಿದಿರುವುದು ನೂರಕ್ಕೆ ಮೂವತ್ತು ಪಾಲು ಮಾತ್ರ. ಅಲ್ಲಿ ಆಮ್ಲವೂ ಅಸಿಟೇಟೂ ಸೇರಿ ಬಫರ್ ಆಗಿರುವುದರಿಂದ ಒಂದು ಹನಿ ಬಿದ್ದರೆ ಪಿಎಚ್ ಹೆಚ್ಚು ಅಲುಗಾಡುವುದಿಲ್ಲ.

"ಹಾಗಾದರೆ ಮೀಟರ್ ಇಟ್ಟು ಏಳಕ್ಕೆ ನಿಲ್ಲಿಸಿದರೆ ಸರಿಯಲ್ವಾ ಸರ್? ತಟಸ್ಥ ಅಂದರೆ ಏಳು ತಾನೇ?" ಅಂದ ಹುಡುಗ. ಬಿಎಸ್ಸಿಯಲ್ಲಿ ನಾನೂ ಹಾಗೆಯೇ ನಂಬಿದ್ದೆ. ಬಾಯಲ್ಲಿ ಹೇಳುವ ಬದಲು ಪಿಎಚ್ ಮೀಟರ್ ಇಟ್ಟು, ಕೊನೆಗೆ 0.1 ಮಿ.ಲೀ.ಯಂತೆ ಬಿಡುತ್ತಾ ಬರೆದುಕೊಳ್ಳಲು ಹೇಳಿದೆ. ಹೊಸದಾಗಿ ಮಾಡಿ ಸಾಂದ್ರತೆ ತಾಳೆ ನೋಡಿದ ಸೋಡಿಯಂ ಹೈಡ್ರಾಕ್ಸೈಡ್ ಬೇಸ್‌ನಲ್ಲಿ ಬಂದ ಅಂಕಿಗಳು ಇವು: 15.6 ಮಿ.ಲೀ.ಗೆ 6.6, 15.7ಕ್ಕೆ 6.9, 15.8ಕ್ಕೆ 7.7, 15.9ಕ್ಕೆ 10.3, 16.0ಕ್ಕೆ 10.6. ದೊಡ್ಡ ನೆಗೆತ 15.8 ಮತ್ತು 15.9ರ ನಡುವೆ. ಏಳು ದಾಟಿದ್ದು ಅದಕ್ಕೂ ಮುಂಚೆ, ಪಿಎಚ್ ಏರು ಹಿಡಿಯುವ ಹೊತ್ತಿಗೆ.

ಆ ನೆಗೆತದ ನಡುವೆ ಪಿಎಚ್ ನಿಜಕ್ಕೂ ಎಷ್ಟಿತ್ತು ಅಂತ ಲೆಕ್ಕ ಹಾಕಿದೆವು. ಈಕ್ವಿವಲೆನ್ಸ್ ಪಾಯಿಂಟ್ 15.82 ಅಂತಿಟ್ಟುಕೊಳ್ಳಿ. ಆಗ ಫ್ಲಾಸ್ಕಿನಲ್ಲಿ ಆಮ್ಲವೂ ಇಲ್ಲ, ಉಳಿಕೆ ಬೇಸ್ ಕೂಡ ಇಲ್ಲ. ಇರುವುದು ಸೋಡಿಯಂ ಅಸಿಟೇಟ್ ಕರಗಿದ ನೀರು ಮಾತ್ರ. ಅಸಿಟಿಕ್ ಆಮ್ಲ ತನ್ನ ಪ್ರೋಟಾನನ್ನು ಸುಲಭಕ್ಕೆ ಬಿಡದ ಜಾತಿಯದ್ದು. ಅದೇ ಕಾರಣಕ್ಕೆ ಪ್ರೋಟಾನ್ ಕಳೆದುಕೊಂಡ ಅಸಿಟೇಟ್ ನೀರಿನಿಂದಲೇ ಸ್ವಲ್ಪ ಕಿತ್ತುಕೊಳ್ಳುತ್ತದೆ:

CH₃COO⁻ + H₂O ⇌ CH₃COOH + OH⁻

ಹೀಗೆ ಹುಟ್ಟಿದ OH⁻ ಪಿಎಚ್ಚನ್ನು ಏಳರ ಮೇಲಕ್ಕೆ ತಳ್ಳುತ್ತದೆ. ಎಷ್ಟು ತಳ್ಳುತ್ತದೆ? ಒಟ್ಟು ಗಾತ್ರ 25 ಮತ್ತು 15.82 ಸೇರಿ 40.82 ಮಿ.ಲೀ. ಅದರಲ್ಲಿ 1.582 ಮಿಲಿಮೋಲ್ ಅಸಿಟೇಟ್, ಅಂದರೆ 0.0388 ಮೋಲಾರ್. ಅಸಿಟೇಟ್‌ನ Kb = 10⁻¹⁴ / 1.75×10⁻⁵ = 5.7×10⁻¹⁰. ಇವೆರಡರ ಗುಣಲಬ್ಧದ ವರ್ಗಮೂಲ 4.7×10⁻⁶. ಅದೇ OH⁻ ಸಾಂದ್ರತೆ. ಪಿಒಎಚ್ 5.33, ಪಿಎಚ್ 8.67. ಅಸಿಟೇಟ್ ನೂರು ಪಟ್ಟು ತೆಳುವಾದರೆ ಈ ಅಂಕಿ ಒಂದರಷ್ಟು ಕೆಳಗಿಳಿಯುತ್ತದೆ. ಹಾಗಾಗಿ "ಅಸಿಟಿಕ್ ಆಮ್ಲಕ್ಕೆ 8.7" ಅಂತ ಬಾಯಿಪಾಠ ಮಾಡುವುದಕ್ಕಿಂತ ಲೆಕ್ಕ ಹಾಕುವುದು ಒಳ್ಳೆಯದು.

ಇದಕ್ಕೆ ಸರಿಯಾದ ಸೂಚಕ ಫಿನಾಲ್ಫ್‌ಥಲೀನ್. ಅದು 8.3ರ ಹತ್ತಿರ ಗುಲಾಬಿಯಾಗಲು ಶುರುವಾಗುತ್ತದೆ, ನೆಗೆತದ ಒಳಗೇ. ಹುಡುಗ ಹೇಳಿದಂತೆ ಏಳಕ್ಕೆ ನಿಲ್ಲಿಸಿದ್ದರೆ 15.73 ಮಿ.ಲೀ. ಬರುತ್ತಿತ್ತು. ವ್ಯತ್ಯಾಸ ಎರಡು ಹನಿಗಿಂತ ಕಡಿಮೆ, 100ಕ್ಕೆ 0.6 ಮಾತ್ರ. ಹೆಚ್ಚಿನ ಕೆಲಸಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ, ನಿಜ. ಆದರೆ 3.75ರ ಗೆರೆಯ ಮೇಲೆ ಕೂತ ಮಾದರಿಗೆ ಎರಡು ಹನಿಯೂ ದೊಡ್ಡದೇ.

ನನ್ನದೇ ತಪ್ಪು ಇದ್ದದ್ದು ಬೇರೆ ಕಡೆ. ಮೊದಲ ದಿನ ಫಿನಾಲ್ಫ್‌ಥಲೀನ್ ಹಾಕಿ ಮಾಡಿದಾಗ 15.98 ಬಂದಿತ್ತು. ಕಪಾಟಿನಲ್ಲಿದ್ದ ಹಳೆಯ ಬೇಸ್‌ನ ಲೇಬಲ್ಲಿನಲ್ಲಿ 0.1000 ಅಂತ ನಾನೇ ಬರೆದಿದ್ದೆ. ಆ ಲೆಕ್ಕಕ್ಕೆ 3.84 ಗ್ರಾಂ. ಆ ದ್ರಾವಣವನ್ನು ತಾಳೆ ನೋಡಿದ್ದು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಮೀಥೈಲ್ ಆರೆಂಜ್ ಇಟ್ಟುಕೊಂಡು. ನಮ್ಮ ಮಳೆಗಾಲದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ತೂಗಲು ಹೋದರೆ ವಾಚ್‌ಗ್ಲಾಸಿನ ಮೇಲೆಯೇ ಒದ್ದೆಯಾಗಿ ಹೊಳೆಯುತ್ತದೆ. ನೀರಿನ ಜೊತೆ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹೀರಿ ಸ್ವಲ್ಪ ಕಾರ್ಬೊನೇಟ್ ಆಗುತ್ತದೆ. ಮೀಥೈಲ್ ಆರೆಂಜ್ ತಿರುಗುವ ಹೊತ್ತಿಗೆ ಕಾರ್ಬೊನೇಟ್ ಎರಡೂ ಪ್ರೋಟಾನ್ ಹಿಡಿದುಕೊಂಡಿರುತ್ತದೆ. ಆದ್ದರಿಂದ ಅದು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ದುರ್ಬಲ ಆಮ್ಲದ ಕೊನೆ ಇರುವುದು ಎಂಟರ ಮೇಲೆ. ಅಲ್ಲಿ ಅದು ಬೈಕಾರ್ಬೊನೇಟ್ ಆಗಿ ಒಂದೇ ಪ್ರೋಟಾನಿಗೆ ನಿಲ್ಲುತ್ತದೆ. ಒಟ್ಟು ಬೇಸ್‌ನಲ್ಲಿ 100ಕ್ಕೆ ಎರಡು ಪಾಲು ಕಾರ್ಬೊನೇಟ್ ಆಗಿದ್ದರೆ ವಿನೆಗರ್‌ನ ಅಂಕಿ 100ಕ್ಕೆ ಒಂದರಷ್ಟು ಹೆಚ್ಚು ಬರುತ್ತದೆ.

ಗೊತ್ತಾದದ್ದು ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟ್‌ನಿಂದ. ಅದೂ ದುರ್ಬಲ ಆಮ್ಲವೇ, ಅದರ ಕೊನೆಯೂ ಎಂಟರ ಮೇಲೆಯೇ. ಆದ್ದರಿಂದ ಬೇಸ್ ತಾಳೆ ನೋಡುವಾಗ ಆದ ತಪ್ಪು ವಿನೆಗರ್‌ನಲ್ಲೂ ಅಷ್ಟೇ ಆಗಿ ಒಂದನ್ನೊಂದು ಹೊಡೆದುಹಾಕುತ್ತದೆ. 0.5106 ಗ್ರಾಂ ಒಣಗಿದ ಪುಡಿ ತೂಗಿ ನೀರಿನಲ್ಲಿ ಕರಗಿಸಿ, ಫಿನಾಲ್ಫ್‌ಥಲೀನ್ ಹಾಕಿ ನೋಡಿದಾಗ 25.00 ಬದಲು 25.25 ಮಿ.ಲೀ. ಹೋಯಿತು. ಅಂದರೆ ನನ್ನ 0.1000 ನಿಜಕ್ಕೂ 0.0990. ಅದನ್ನು ಹಾಕಿದಾಗ 15.98ರ ಅಂಕಿಯೂ 3.80 ಗ್ರಾಂಗೇ ಬಂದು ನಿಂತಿತು. ಈಗ ನಾನು ಮೊದಲು ಅರ್ಧಕ್ಕರ್ಧ ತೂಕದ ಗಟ್ಟಿ ದ್ರಾವಣ ಮಾಡಿ ಪ್ಲಾಸ್ಟಿಕ್ ಬಾಟಲಿಯಲ್ಲಿಡುತ್ತೇನೆ. ಅದರಲ್ಲಿ ಕಾರ್ಬೊನೇಟ್ ಕರಗದೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಕುದಿಸಿ ಆರಿಸಿದ ನೀರಿಗೆ ಹಾಕಿಕೊಳ್ಳುತ್ತೇನೆ.

ಗುಲಾಬಿ ಬಣ್ಣ ನಿಮಿಷ ಎರಡು ನಿಮಿಷದಲ್ಲಿ ಮಾಸಿದರೆ ಮತ್ತೊಂದು ಹನಿ ಬಿಡಬೇಡಿ. ಅದು ಆಮ್ಲ ಉಳಿದದ್ದಲ್ಲ. ತೆರೆದ ಫ್ಲಾಸ್ಕಿಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಇಳಿದು ಪಿಎಚ್ಚನ್ನು 8.3ರ ಕೆಳಗೆ ತರುತ್ತದೆ. ಅಲುಗಾಡಿಸಿದಾಗ ತೆಳು ಗುಲಾಬಿ ಮೂವತ್ತು ಸೆಕೆಂಡು ನಿಂತರೆ ಸಾಕು.

ಬಾಯಮ್ಮನಿಗೆ 3.8 ಅಂತ ಚೀಟಿಯಲ್ಲಿ ಬರೆದು ಕೊಟ್ಟೆ. ಕಳ್ಳಿನ ವಿನೆಗರ್‌ನಲ್ಲಿ ಬೇರೆ ಆಮ್ಲಗಳೂ ಸ್ವಲ್ಪ ಇರುತ್ತವೆ, ಎಲ್ಲವನ್ನೂ ಅಸಿಟಿಕ್ ಅಂತಲೇ ಲೆಕ್ಕ ಹಿಡಿದದ್ದು ಅಂತಲೂ ಹೇಳಿದೆ. ಅವರು ಚೀಟಿ ಮಡಚಿಕೊಂಡು, "ಇಷ್ಟಕ್ಕೆ ಮೂರು ದಿನ ಬೇಕಾಯ್ತಾ ಮಾರಾಯ್ರೆ?" ಅಂದರು.