ಗಡುವು ದಾಟಿದ ಬಿಲ್ಲಿಗೆ ನಾನು ಬರೆಯುವ ಎರಡನೇ ಪತ್ರ

ಬಾಕಿ ಹಣಕ್ಕಾಗಿ ಕ್ಲೈಂಟ್‌ಗೆ ಬರೆಯುವ ಮೊದಲ ನೆನಪೋಲೆಯಲ್ಲಿ ಕಷ್ಟವೇನಿಲ್ಲ. ಮರೆತಿರಬಹುದು ಎಂದುಕೊಂಡು ಎರಡು ಸಾಲು ಬರೆದರೆ ಆಯಿತು, ಅನೇಕ ಬಾರಿ ಅಷ್ಟಕ್ಕೇ ಹಣ ಬರುತ್ತದೆ. ಕೊನೆಯ ನೋಟಿಸ್ ಕೂಡ ಒಂದು ರೀತಿಯಲ್ಲಿ ಸುಲಭ, ಏಕೆಂದರೆ ಅಷ್ಟರಲ್ಲಿ ದಾಕ್ಷಿಣ್ಯ ಮುಗಿದಿರುತ್ತದೆ. ಕೈ ತಡೆಯುವುದು ನಡುವಿನ ಪತ್ರದಲ್ಲಿ. ಮೊದಲನೆಯದಕ್ಕೆ ಉತ್ತರ ಬಂದಿಲ್ಲ, ಗಡುವು ದಾಟಿ ಹತ್ತು ಹದಿನೈದು ದಿನವಾಗಿದೆ, ಕ್ಲೈಂಟ್ ಜೊತೆ ಮುಂದೆಯೂ ಕೆಲಸ ಇದೆ. ಈ ಪತ್ರವನ್ನು ನಾನು ಹೇಗೆ ಬರೆಯುತ್ತೇನೆ ಎಂಬುದನ್ನು ಒಂದು ಲೆಕ್ಕ ಹಿಡಿದು ವಿವರಿಸುತ್ತೇನೆ.

ಇನ್‌ವಾಯ್ಸ್ ಸಂಖ್ಯೆ 2025-014, ಮೊತ್ತ 48,000. ಕಳಿಸಿದ್ದು 2025ರ ಫೆಬ್ರವರಿ 3. ಒಪ್ಪಂದದ ಪ್ರಕಾರ ಇನ್‌ವಾಯ್ಸ್ ದಿನಾಂಕದಿಂದ 30 ದಿನ, ಅಂದರೆ ಗಡುವು ಮಾರ್ಚ್ 5. ಮೊದಲ ನೆನಪೋಲೆ ಹೋದದ್ದು ಮಾರ್ಚ್ 7ರಂದು. ಎರಡನೆಯದನ್ನು ಬರೆಯಲು ಕೂರುವ ದಿನ ಮಾರ್ಚ್ 18, ಮಂಗಳವಾರ. ಹದಿಮೂರು ದಿನ ತಡವಾಗಿದೆ.

ಬರೆಯುವ ಮೊದಲು ನನ್ನ ಕಡೆಯದನ್ನೇ ಪರೀಕ್ಷಿಸುತ್ತೇನೆ. ಬ್ಯಾಂಕ್ ಖಾತೆಯನ್ನು ಅದೇ ದಿನ ಬೆಳಿಗ್ಗೆ ತೆರೆದು ನೋಡುತ್ತೇನೆ. ನೋಡುವಾಗ 48,000 ಎಂಬ ಅಂಕಿಯನ್ನಷ್ಟೇ ಹುಡುಕಿದರೆ ಸಾಲದು. ಮೂಲದಲ್ಲೇ ತೆರಿಗೆ ಹಿಡಿದಿದ್ದರೆ ಅಥವಾ ಬ್ಯಾಂಕ್ ಶುಲ್ಕ ಕಳೆದಿದ್ದರೆ ಬೇರೊಂದು ಮೊತ್ತ ಬಂದು ಕೂತಿರುತ್ತದೆ. ಆಮೇಲೆ ಒಪ್ಪಂದದ ಸಾಲನ್ನು ಮತ್ತೆ ಓದುತ್ತೇನೆ. 30 ದಿನ ಎಂಬುದು ಇನ್‌ವಾಯ್ಸ್ ದಿನಾಂಕದಿಂದಲೋ, ಅದು ಅವರ ಕೈ ಸೇರಿದ ದಿನದಿಂದಲೋ, ಅವರು ಕೆಲಸವನ್ನು ಒಪ್ಪಿಕೊಂಡ ದಿನದಿಂದಲೋ? ಮೂರಕ್ಕೂ ಗಡುವು ಬೇರೆ ಬೇರೆ. ಕೊನೆಗೆ, ಇನ್‌ವಾಯ್ಸ್ ಮೇಲೆ ಅವರ ಪರ್ಚೇಸ್ ಆರ್ಡರ್ ಸಂಖ್ಯೆ ಇದೆಯೇ ಎಂದು ನೋಡುತ್ತೇನೆ. ದೊಡ್ಡ ಸಂಸ್ಥೆಗಳಲ್ಲಿ ಆ ಸಂಖ್ಯೆ ಇಲ್ಲದ ಬಿಲ್ಲು ಲೆಕ್ಕದ ಪುಸ್ತಕಕ್ಕೇ ಏರುವುದಿಲ್ಲ, ಮತ್ತು ಹಾಗಾಗಿದೆ ಎಂದು ಯಾರೂ ನಮಗೆ ತಿಳಿಸುವುದೂ ಇಲ್ಲ. ತಪ್ಪು ನಮ್ಮದಾಗಿದ್ದಾಗ ಬಿಗಿಯಾದ ಪತ್ರ ಬರೆದರೆ ಮುಂದಿನ ಆರು ತಿಂಗಳು ದನಿ ತಗ್ಗಿಸಿಕೊಂಡೇ ಇರಬೇಕಾಗುತ್ತದೆ.

ಇನ್ನು ಯಾರಿಗೆ ಎಂಬ ಪ್ರಶ್ನೆ. ಕೆಲಸ ಹೇಳಿದವರು ಒಬ್ಬರು, ಹಣ ಬಿಡುಗಡೆ ಮಾಡುವವರು ಇನ್ನೊಬ್ಬರು. ಮೊದಲ ನೆನಪೋಲೆ ಕೆಲಸ ಹೇಳಿದವರಿಗೆ ಮಾತ್ರ ಹೋಗಿದ್ದರೆ ಎರಡನೆಯದನ್ನು ಅಕೌಂಟ್ಸ್ ವಿಭಾಗಕ್ಕೆ ಬರೆದು, ಅವರನ್ನು ಪ್ರತಿಯಲ್ಲಿ ಇಡುತ್ತೇನೆ. ಅವರ ಮೇಲಧಿಕಾರಿಯನ್ನು ಈ ಹಂತದಲ್ಲಿ ಸೇರಿಸುವುದಿಲ್ಲ. ಸೇರಿಸಿದರೆ ಅದು ನೆನಪೋಲೆಯಾಗಿ ಉಳಿಯದೆ ದೂರು ಆಗುತ್ತದೆ, ನಾಳೆ ನಮ್ಮ ಬಿಲ್ಲಿಗೆ ಸಹಿ ಹಾಕಬೇಕಾದವರೇ ಮುನಿಸಿಕೊಳ್ಳುತ್ತಾರೆ. ಪತ್ರವನ್ನು ಹೊಸದಾಗಿ ಆರಂಭಿಸದೆ, ಮೊದಲು ಇನ್‌ವಾಯ್ಸ್ ಕಳಿಸಿದ ಅದೇ ಇಮೇಲ್‌ಗೆ ಉತ್ತರವಾಗಿ ಕಳಿಸುತ್ತೇನೆ. ಫೆಬ್ರವರಿ 3ರ ಪತ್ರವೂ ಮಾರ್ಚ್ 7ರ ಪತ್ರವೂ ಕೆಳಗೆ ತಾವಾಗಿಯೇ ಕಾಣುತ್ತವೆ. ‘ಹಿಂದೆಯೇ ಕಳಿಸಿದ್ದೆ’ ಎಂದು ವಾದಿಸುವ ಅಗತ್ಯ ಬೀಳುವುದಿಲ್ಲ.

ಪತ್ರ ಹೀಗಿರುತ್ತದೆ:

ವಿಷಯ: ಇನ್‌ವಾಯ್ಸ್ 2025-014, ಮೊತ್ತ 48,000 – ಗಡುವು ಮಾರ್ಚ್ 5, ಪಾವತಿ ಬಾಕಿ

ಮಾನ್ಯರೇ, ನಮಸ್ಕಾರ.

ಫೆಬ್ರವರಿ 3ರಂದು ಕಳಿಸಿದ ಇನ್‌ವಾಯ್ಸ್ 2025-014ರ ಮೊತ್ತ 48,000 ಇನ್ನೂ ಬಾಕಿ ಇದೆ. ಪಾವತಿಯ ಗಡುವು ಮಾರ್ಚ್ 5 ಆಗಿತ್ತು, ಇವತ್ತಿಗೆ 13 ದಿನ ಕಳೆದಿವೆ. ಈ ಬಗ್ಗೆ ಮಾರ್ಚ್ 7ರಂದು ಬರೆದಿದ್ದೆ.

ಹಣ ಯಾವ ದಿನಾಂಕದಂದು ಜಮೆಯಾಗುತ್ತದೆ ಎಂಬುದನ್ನು ಮಾರ್ಚ್ 21, ಶುಕ್ರವಾರದೊಳಗೆ ತಿಳಿಸಬೇಕೆಂದು ಕೋರುತ್ತೇನೆ. ಬಿಲ್ಲಿನಲ್ಲಿ ಏನಾದರೂ ಸರಿಪಡಿಸಬೇಕಿದ್ದರೆ ಅದನ್ನೂ ಅದೇ ದಿನದೊಳಗೆ ತಿಳಿಸಿ, ಕೂಡಲೇ ಸರಿಪಡಿಸಿ ಕಳಿಸುತ್ತೇನೆ.

ಎರಡನೇ ಹಂತದ ಕೆಲಸ ಮಾರ್ಚ್ 24ಕ್ಕೆ ಆರಂಭವಾಗಬೇಕಿದೆ. ಒಪ್ಪಂದದಲ್ಲಿರುವಂತೆ, ಈ ಪಾವತಿಯ ದಿನಾಂಕ ಖಚಿತವಾದ ಮೇಲೆ ಅದನ್ನು ಶುರು ಮಾಡುತ್ತೇನೆ.

ಇನ್‌ವಾಯ್ಸ್ ಪ್ರತಿಯನ್ನು ಮತ್ತೆ ಲಗತ್ತಿಸಿದ್ದೇನೆ. ಈಗಾಗಲೇ ಪಾವತಿಸಿದ್ದರೆ ವರ್ಗಾವಣೆಯ ಉಲ್ಲೇಖ ಸಂಖ್ಯೆ ಕಳಿಸಿ, ನನ್ನ ಕಡೆ ಹೊಂದಿಸಿಕೊಳ್ಳುತ್ತೇನೆ.

ವಂದನೆಗಳೊಂದಿಗೆ.

ಇಷ್ಟೇ. ಇದರಲ್ಲಿ ‘ನೀವು ಪಾವತಿಸಿಲ್ಲ’ ಎಂಬ ವಾಕ್ಯ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ‘ಮೊತ್ತ ಬಾಕಿ ಇದೆ’, ‘13 ದಿನ ಕಳೆದಿವೆ’ ಎಂದಾಗ ವಾಕ್ಯದ ಕರ್ತೃ ಮೊತ್ತ ಅಥವಾ ದಿನ, ಮನುಷ್ಯರಲ್ಲ. ಹೇಳಿದ ಸಂಗತಿ ಅಷ್ಟೇ ಗಟ್ಟಿ, ಆದರೆ ಓದುವವರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಡುವುದಿಲ್ಲ. ಬಹುಶಃ ಆ ಅಕೌಂಟ್ಸ್‌ನವರು ನಮ್ಮ ಬಿಲ್ಲನ್ನು ನೋಡುತ್ತಿರುವುದೇ ಇವತ್ತು ಮೊದಲ ಸಲ. ಅವರ ಮೇಲೆ ಆರೋಪ ಹೊರಿಸಿ ಏನು ಲಾಭ?

‘ಯಾಕೆ ತಡವಾಗಿದೆ’ ಎಂದೂ ನಾನು ಕೇಳುವುದಿಲ್ಲ. ಯಾಕೆ ಎಂದು ಕೇಳಿದರೆ ಕಾರಣ ಸಿಗುತ್ತದೆ, ಯಾವ ದಿನ ಎಂದು ಕೇಳಿದರೆ ದಿನಾಂಕ ಸಿಗುತ್ತದೆ. ನನಗೆ ಬೇಕಿರುವುದು ಎರಡನೆಯದು. ಹಾಗೆಯೇ ‘ಶುಕ್ರವಾರದೊಳಗೆ ಹಣ ಕೊಡಿ’ ಎನ್ನುವ ಬದಲು ‘ಶುಕ್ರವಾರದೊಳಗೆ ದಿನಾಂಕ ತಿಳಿಸಿ’ ಎಂದು ಬರೆಯುವುದಕ್ಕೂ ಕಾರಣವಿದೆ. ಎಷ್ಟೋ ಸಂಸ್ಥೆಗಳು ಪಾವತಿಗಳನ್ನು ಒಟ್ಟುಗೂಡಿಸಿ ವಾರಕ್ಕೊಮ್ಮೆಯೋ ತಿಂಗಳಿಗೆ ಎರಡು ಬಾರಿಯೋ ಮಾಡುತ್ತವೆ. ಮೂರು ದಿನದಲ್ಲಿ ಹಣ ಕಳಿಸುವುದು ಪತ್ರ ಓದುವವರ ಕೈಯಲ್ಲೇ ಇರಲಿಕ್ಕಿಲ್ಲ, ಆದರೆ ಮುಂದಿನ ಕಂತು ಯಾವಾಗ, ಅದರಲ್ಲಿ ನಮ್ಮ ಬಿಲ್ಲು ಇದೆಯೇ ಎಂದು ತಿಳಿಸುವುದು ಖಂಡಿತ ಅವರಿಂದ ಆಗುವ ಕೆಲಸ. ಆಗದ್ದನ್ನು ಕೇಳಿದರೆ ಮೌನ ಸಿಗುತ್ತದೆ.

ಬಿಗಿ ಇರುವುದು ಎರಡನೇ ಹಂತದ ಕುರಿತ ಸಾಲಿನಲ್ಲಿ. ಅದು ನನ್ನ ಕೆಲಸದ ವೇಳಾಪಟ್ಟಿಯ ಮಾತು, ನಾನೇ ಪಾಲಿಸಬಹುದಾದ ಮಾತು. ‘ಕಾನೂನು ಕ್ರಮ ಕೈಗೊಳ್ಳಬೇಕಾಗುತ್ತದೆ’ ಎಂದು ಹದಿಮೂರನೇ ದಿನಕ್ಕೇ ಬರೆದವರು ಹದಿನಾಲ್ಕನೇ ದಿನ ಏನೂ ಮಾಡುವುದಿಲ್ಲ ಎಂಬುದು ಅಕೌಂಟ್ಸ್‌ನವರಿಗೆ ಚೆನ್ನಾಗಿ ಗೊತ್ತು. ಕೆಲಸ ತಡೆಹಿಡಿಯುವ ಸಾಲಿಗೂ ಒಂದು ಷರತ್ತಿದೆ: ಪಾವತಿ ಬಾಕಿ ಇದ್ದರೆ ಮುಂದಿನ ಹಂತ ನಿಲ್ಲಿಸಬಹುದು ಎಂದು ಒಪ್ಪಂದದಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಒಪ್ಪಂದ ಮುರಿದವರು ನಾವೇ ಆಗುವ ಅಪಾಯವಿದೆ, ಆಗ ಆ ಸಾಲನ್ನು ಪೂರ್ತಿ ಬಿಟ್ಟುಬಿಡುತ್ತೇನೆ.

ಕನ್ನಡದಲ್ಲಿ ಬರೆಯುವಾಗ ಬೆರಳು ತಾನಾಗಿ ಟೈಪ್ ಮಾಡಿಬಿಡುವ ಕೆಲವು ಮಾತುಗಳಿವೆ. ‘ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ’, ‘ತಪ್ಪು ತಿಳಿಯಬೇಡಿ’, ‘ನಿಮಗೆ ಅನುಕೂಲವಾದಾಗ’, ‘ಆದಷ್ಟು ಬೇಗ’. ಮೊದಲ ಎರಡು, ನಮ್ಮದೇ ಹಣ ಕೇಳುವುದನ್ನು ತಪ್ಪಿನ ಹಾಗೆ ಕಾಣಿಸುತ್ತವೆ. ಕೊನೆಯ ಎರಡು ಗಡುವನ್ನೇ ಅಳಿಸಿಹಾಕುತ್ತವೆ. ಅನುಕೂಲ ಇನ್ನೂ ಆಗಿಲ್ಲ ಎಂದರೆ ಮುಗಿಯಿತು. ಸೌಜನ್ಯಕ್ಕೆ ‘ಮಾನ್ಯರೇ’, ‘ಕೋರುತ್ತೇನೆ’, ‘ವಂದನೆಗಳು’ ಸಾಕು. ‘ದಯವಿಟ್ಟು’ ಒಂದೇ ಒಂದು ಸಲ ಬಂದರೆ ಅಡ್ಡಿಯಿಲ್ಲ, ಮೂರು ಸಲ ಬಂದರೆ ಬೇಡಿಕೊಂಡಂತೆ ಕೇಳಿಸುತ್ತದೆ. ನಮ್ಮ ಮನೆಯ ಖರ್ಚು, ಸಾಲದ ಕಂತು ಇವನ್ನೂ ಪತ್ರಕ್ಕೆ ತರುವುದಿಲ್ಲ. ಹಣ ಬರಬೇಕಿರುವುದು ಕೆಲಸ ಮುಗಿದಿರುವುದರಿಂದ, ನಮಗೆ ಕಷ್ಟವಿರುವುದರಿಂದ ಅಲ್ಲ.

ತಡಪಾವತಿಯ ಬಡ್ಡಿಯನ್ನು ಈ ಪತ್ರದಲ್ಲಿ ನಾನು ಹಾಕುವುದಿಲ್ಲ, ಒಪ್ಪಂದದಲ್ಲಿ ಅವಕಾಶ ಇದ್ದರೂ ಕೂಡ. ತಿಂಗಳಿಗೆ ಶೇ. 1.5 ಎಂದುಕೊಂಡರೆ 48,000ಕ್ಕೆ 13 ದಿನಕ್ಕೆ ಆಗುವುದು 312. ಆ 312ಕ್ಕೆ ಹೊಸ ಇನ್‌ವಾಯ್ಸ್ ಬೇಕು, ಹೊಸ ಒಪ್ಪಿಗೆ ಬೇಕು, ಅದರ ಚರ್ಚೆ ಮುಗಿಯುವವರೆಗೆ 48,000 ಅಲ್ಲೇ ಕೂತಿರುತ್ತದೆ. ಬಡ್ಡಿಯ ಷರತ್ತನ್ನು ಮೂರನೇ ಪತ್ರದಲ್ಲಿ ನೆನಪಿಸುತ್ತೇನೆ. ಒಪ್ಪಂದದಲ್ಲಿ ಇಲ್ಲದ ಬಡ್ಡಿಯನ್ನು ಯಾವ ಪತ್ರದಲ್ಲೂ ಕೇಳುವುದಿಲ್ಲ.

ಬ್ಯಾಂಕ್ ಖಾತೆಯ ವಿವರವನ್ನು ಪತ್ರದೊಳಗೆ ಬೇರೆಯಾಗಿ ಟೈಪ್ ಮಾಡುವುದೂ ಬೇಡ. ಲಗತ್ತಿಸಿದ ಇನ್‌ವಾಯ್ಸ್‌ನಲ್ಲಿ ಮೊದಲಿದ್ದ ಖಾತೆಯೇ ಇರಲಿ. ಬಾಕಿ ಕೇಳುವ ಪತ್ರದಲ್ಲಿ ಹೊಸ ಖಾತೆ ಸಂಖ್ಯೆ ಕಂಡರೆ ವಂಚಕರು ಇಮೇಲ್ ಕದ್ದು ಬರೆದಿದ್ದಾರೆಂದು ಅಕೌಂಟ್ಸ್‌ನವರು ಪಾವತಿಯನ್ನು ತಡೆಯುತ್ತಾರೆ, ಮತ್ತು ಅವರು ತಡೆಯುವುದೇ ಸರಿ. ಖಾತೆ ನಿಜಕ್ಕೂ ಬದಲಾಗಿದ್ದರೆ ಅದನ್ನು ಬೇರೆ ಪತ್ರದಲ್ಲಿ ತಿಳಿಸಿ, ಫೋನ್ ಮಾಡಿ ಖಚಿತಪಡಿಸಬೇಕು.

ಶುಕ್ರವಾರ ಸಂಜೆಯವರೆಗೂ ಉತ್ತರ ಬಾರದಿದ್ದರೆ ಸೋಮವಾರ ಬೆಳಿಗ್ಗೆ ಮತ್ತೊಂದು ಇಮೇಲ್ ಬರೆಯದೆ ನೇರ ಫೋನ್ ಮಾಡುತ್ತೇನೆ. ಕೇಳುವುದು ಮೂರೇ: ‘ಸರ್, ಈ ಬಿಲ್ಲು ನಿಮ್ಮ ಲೆಕ್ಕಕ್ಕೆ ಏರಿದೆಯಾ? ಒಪ್ಪಿಗೆ ಆಗಿದೆಯಾ? ಯಾವ ಕಂತಿನಲ್ಲಿ ಇದೆ?’ ಮೊದಲನೆಯದಕ್ಕೇ ಇಲ್ಲ ಎಂದರೆ ಇಷ್ಟು ದಿನ ಕಾದದ್ದು ವ್ಯರ್ಥ, ಕೂಡಲೇ ಅವರು ಹೇಳಿದ ವಿಳಾಸಕ್ಕೆ ಅದನ್ನು ಕಳಿಸಬೇಕು. ಎರಡನೆಯದಕ್ಕೆ ಇಲ್ಲ ಎಂದರೆ ಸಿಕ್ಕಿಕೊಂಡಿರುವುದು ಕೆಲಸ ಹೇಳಿದವರ ಮೇಜಿನಲ್ಲಿ, ಫೋನ್ ಅವರಿಗೆ ಹೋಗಬೇಕು. ಮಾತು ಮುಗಿದ ಅರ್ಧ ಗಂಟೆಯೊಳಗೆ ಅದೇ ಇಮೇಲ್ ಸರಣಿಯಲ್ಲಿ ‘ಈಗ ಮಾತಾಡಿದಂತೆ, ಮಾರ್ಚ್ 28ರ ಕಂತಿನಲ್ಲಿ 48,000 ಪಾವತಿಯಾಗುತ್ತದೆ ಎಂದು ಗುರುತು ಮಾಡಿಕೊಂಡಿದ್ದೇನೆ’ ಎಂದು ಬರೆಯುತ್ತೇನೆ. ಫೋನಿನ ಮಾತು ಹೀಗೆ ಅಕ್ಷರಕ್ಕೆ ಇಳಿಯದಿದ್ದರೆ 28ನೇ ತಾರೀಕು ಯಾರಿಗೂ ನೆನಪಿರುವುದಿಲ್ಲ.

ಕೆಲವೊಮ್ಮೆ ಈ ಪತ್ರಕ್ಕೇ ಮೊದಲ ಬಾರಿಗೆ ತಕರಾರು ಹೊರಬರುತ್ತದೆ: ಕೆಲಸದ ಇಂಥ ಭಾಗ ಸರಿಯಾಗಿಲ್ಲ, ಅದಕ್ಕೇ ತಡೆಹಿಡಿದಿದ್ದೇವೆ ಎಂದು. ಆಗ ಇಡೀ ಬಿಲ್ಲನ್ನು ತಕರಾರಿಗೆ ಒಪ್ಪಿಸಬೇಕಿಲ್ಲ. ತಕರಾರು 8,000ದ ಭಾಗದ್ದಾದರೆ, ಉಳಿದ 40,000ವನ್ನು ಮುಂದಿನ ಕಂತಿನಲ್ಲಿ ಪಾವತಿಸಲು ಕೋರಿ, ಆ 8,000ದ ಕೆಲಸವನ್ನು ಯಾವ ದಿನ ಕೂತು ನೋಡೋಣ ಎಂದು ಕೇಳುತ್ತೇನೆ. ತಕರಾರು ನಿಜವಾದದ್ದಾದರೆ ಅವರು ಇದಕ್ಕೆ ಒಪ್ಪುತ್ತಾರೆ. ಬರೀ ಕಾಲ ತಳ್ಳುವುದಕ್ಕೆ ಎತ್ತಿದ್ದಾದರೆ ಯಾವ ಭಾಗ ಎಂದು ಸ್ಪಷ್ಟವಾಗಿ ಹೇಳಲು ಅವರಿಂದ ಆಗುವುದಿಲ್ಲ, ಅಲ್ಲಿಗೆ ಮೂರನೇ ಪತ್ರದ ಸಮಯ ಬಂದಿದೆ ಎಂದು ಗೊತ್ತಾಗುತ್ತದೆ.

28ಕ್ಕೆ ಹಣ ಬಂದರೆ ಅದೇ ದಿನ ಎರಡು ಸಾಲು: ‘ಇನ್‌ವಾಯ್ಸ್ 2025-014ರ 48,000 ಜಮೆಯಾಗಿದೆ, ಧನ್ಯವಾದಗಳು. ಎರಡನೇ ಹಂತವನ್ನು ಮಾರ್ಚ್ 31ರಂದು ಆರಂಭಿಸುತ್ತೇನೆ.’ ತಡವಾದದ್ದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಫೋನಿನಲ್ಲಿ ಸಿಕ್ಕ ಅಕೌಂಟ್ಸ್‌ನವರ ಇಮೇಲ್ ವಿಳಾಸವನ್ನೂ ಅವರ ಕಂತಿನ ದಿನಗಳನ್ನೂ ಆ ಕ್ಲೈಂಟ್‌ನ ಕಡತದಲ್ಲಿ ಬರೆದಿಡುತ್ತೇನೆ. ಮುಂದಿನ ಇನ್‌ವಾಯ್ಸ್ ಮೊದಲ ದಿನವೇ ಆ ವಿಳಾಸಕ್ಕೆ ಹೋಗುತ್ತದೆ.