ಕೊಂದವರು ಯಾರು ಎಂಬ ಪ್ರಶ್ನೆ

ಶಾಲೆಯ ಕೊನೆಯ ವರ್ಷದಲ್ಲಿ ಇತಿಹಾಸದ ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ 1994ರ ರುವಾಂಡಾ. ಮೊದಲ ಕರಡಿನ ಮೊದಲ ವಾಕ್ಯ ಇನ್ನೂ ಬಾಯಿಪಾಠವಾಗಿದೆ: ‘ರುವಾಂಡಾದಲ್ಲಿ ಬುಡಕಟ್ಟು ದ್ವೇಷದ ಜ್ವಾಲೆ ಭುಗಿಲೆದ್ದು, ರಕ್ತದೋಕುಳಿ ಹರಿದು, ಲಕ್ಷಾಂತರ ಅಮಾಯಕರು ಬಲಿಯಾದರು.’ ಬರೆಯುವಾಗ ಕಣ್ಣು ತುಂಬಿ ಬಂದಿತ್ತು. ಹಾಗಾಗಿ ವಾಕ್ಯ ಚೆನ್ನಾಗಿದೆ ಎಂದೇ ನಂಬಿದ್ದೆ. ಇತಿಹಾಸದ ಮೇಡಂ ಅದರ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ಎರಡೇ ಪದ ಬರೆದು ಹಿಂದಿರುಗಿಸಿದರು: ‘ಕೊಂದವರು ಯಾರು?’

ಮತ್ತೆ ಓದಿ ನೋಡಿದೆ. ಜ್ವಾಲೆ ತಾನಾಗಿಯೇ ಎದ್ದಿದೆ, ರಕ್ತ ತಾನಾಗಿಯೇ ಹರಿದಿದೆ, ಜನ ತಾವಾಗಿಯೇ ಬಲಿಯಾಗಿದ್ದಾರೆ. ಕೊಂದವನ ಕೈ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಪ್ರವಾಹವನ್ನೋ ಭೂಕಂಪವನ್ನೋ ವರ್ಣಿಸುವ ಮಾತಿನಲ್ಲಿ ನಾನು ಒಂದು ಯೋಜಿತ ಕೊಲೆಯನ್ನು ವರ್ಣಿಸಿದ್ದೆ.

ಒಂದೊಂದೇ ಪದವನ್ನು ಹಿಡಿದು ನೋಡುತ್ತಾ ಹೋದೆ. ಓಕುಳಿ ಎಂದರೆ ಬಣ್ಣದಾಟ. ಆ ಪದವನ್ನು ಸತ್ತವರ ಮಕ್ಕಳ ಮುಂದೆ ಉಚ್ಚರಿಸಲು ನನಗೆ ಸಾಧ್ಯವಿತ್ತೇ? ಬಲಿ ಎಂದರೆ ದೇವರಿಗೆ ಅರ್ಪಿಸಿದ್ದು. ಮಾರಣಹೋಮ, ನರಮೇಧ ಎರಡೂ ಯಜ್ಞಶಾಲೆಯಿಂದ ಬಂದ ಮಾತುಗಳು. ಪತ್ರಿಕೆಗಳಲ್ಲಿ ಅವು ರೂಢಿಯಾಗಿವೆ, ಬಳಸುವವರನ್ನು ನಾನು ದೂರುವುದಿಲ್ಲ. ಆದರೆ ನನಗೆ ಬೇಕಾಗಿದ್ದುದು ಕಾನೂನಿನ ಅರ್ಥ ಇರುವ ಪದ. ವಿಶ್ವಸಂಸ್ಥೆಯ 1948ರ ಒಡಂಬಡಿಕೆಯ ಪ್ರಕಾರ, ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶ ಇದ್ದಾಗ ಮಾತ್ರ ಅದು ಜನಾಂಗ ಹತ್ಯೆ. ಸತ್ತವರ ಸಂಖ್ಯೆಯೊಂದರಿಂದಲೇ ಅದು ತೀರ್ಮಾನವಾಗುವುದಿಲ್ಲ. ಆದ್ದರಿಂದ ಒಟ್ಟು ಅಪರಾಧಕ್ಕೆ ‘ಜನಾಂಗ ಹತ್ಯೆ’ ಎಂದೂ, ನ್ಯಾರುಬುಯೆ ಚರ್ಚಿನಂತಹ ಒಂದೇ ಜಾಗದ ಸಾಮೂಹಿಕ ಕೊಲೆಗೆ ‘ಹತ್ಯಾಕಾಂಡ’ ಎಂದೂ ನಿಯಮ ಮಾಡಿಕೊಂಡು, ಕೊನೆಯ ಪುಟದವರೆಗೂ ಅದನ್ನು ಮೀರಲಿಲ್ಲ.

‘ಅಮಾಯಕರು’ ಎಂಬ ಪದವನ್ನು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಅದರಲ್ಲಿ ಮರುಕವಿದೆ. ಆದರೆ ರುವಾಂಡಾದ ಬಿಸೆಸೆರೊ ಬೆಟ್ಟಗಳಲ್ಲಿ, ಹತ್ಯೆಗೆ ಗುರಿಯಾದ ಅಲ್ಪಸಂಖ್ಯಾತ ಸಮುದಾಯವಾದ ಟುಟ್ಸಿಗಳು ಸಾವಿರಾರು ಸಂಖ್ಯೆಯಲ್ಲಿ ಕಲ್ಲು, ಈಟಿ ಹಿಡಿದು ವಾರಗಟ್ಟಲೆ ಎದುರಿಸಿ ನಿಂತರು. ಅವರಲ್ಲಿ ಹೆಚ್ಚಿನವರು ಕೊಲೆಯಾದರು. ಅವರನ್ನು ಅಮಾಯಕರು ಎಂದರೆ ಆ ಹೋರಾಟ ಅಳಿಸಿಹೋಗುತ್ತದೆ. ‘ಜನ’ ಎಂದು ಬರೆದೆ. ಅಷ್ಟೇ ಸಾಕಾಯಿತು.

ಎರಡನೆಯ ಕರಡಿನಲ್ಲಿ ಕೊಂದವರನ್ನು ತಂದೆ: ‘ಹುಟುಗಳು ಟುಟ್ಸಿಗಳನ್ನು ಕೊಂದರು.’ ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನಾ ಅವರೂ ಬಹುಸಂಖ್ಯಾತ ಹುಟು ಸಮುದಾಯದವರೇ. ಏಪ್ರಿಲ್ 7ರಂದೇ ಸೈನಿಕರು ಅವರನ್ನು ಕೊಂದರು. ಹತ್ಯೆಯನ್ನು ವಿರೋಧಿಸಿದ, ಟುಟ್ಸಿಗಳನ್ನು ಬಚ್ಚಿಟ್ಟ ಹುಟುಗಳೂ ಸತ್ತರು. ಒಂದು ಸಮುದಾಯಕ್ಕೆ ಸಮುದಾಯವನ್ನೇ ಕರ್ತೃಪದವಾಗಿಸಿದಾಗ, ಕೊಲೆಗಾರರು ರೇಡಿಯೊದಲ್ಲಿ ಹೇಳುತ್ತಿದ್ದ ಲೆಕ್ಕಾಚಾರವನ್ನೇ ನಾನು ತಿರುಗಿಸಿ ಬರೆದಂತಾಗಿತ್ತು. ‘ಬುಡಕಟ್ಟು ದ್ವೇಷ’ ಎಂಬುದೂ ನಿಲ್ಲಲಿಲ್ಲ. ಇಬ್ಬರೂ ಆಡುವುದು ಒಂದೇ ಕಿನ್ಯಾರ್ವಾಂಡಾ ಭಾಷೆ, ವಾಸಿಸುತ್ತಿದ್ದುದು ಅವೇ ಬೆಟ್ಟಗಳಲ್ಲಿ. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ, ಟ್ವಾ ಎಂದು ನಮೂದಿಸಿತು. 1994ರಲ್ಲಿ ರಸ್ತೆತಡೆಗಳಲ್ಲಿ ಕೇಳುತ್ತಿದ್ದುದು ಆ ನಮೂದು ಇರುವ ಚೀಟಿಯನ್ನೇ.

ಮೂರನೆಯ ಬಾರಿ ಬರೆದದ್ದು ಹೀಗಿತ್ತು: ‘1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಅವರಿದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನದಿಂದ ಜುಲೈ ಮಧ್ಯದವರೆಗೆ, ಹುಟು ತೀವ್ರವಾದಿಗಳ ಹಿಡಿತದಲ್ಲಿದ್ದ ಸರ್ಕಾರ, ಸೇನೆ ಮತ್ತು ಇಂತೆರಹಾಮ್ವೆ ಎಂಬ ಸಶಸ್ತ್ರ ಯುವಪಡೆ, ಸ್ಥಳೀಯ ಅಧಿಕಾರಿಗಳ ಹಾಗೂ ಅನೇಕ ನೆರೆಹೊರೆಯವರ ನೆರವಿನಿಂದ, ಟುಟ್ಸಿಗಳನ್ನು ಹುಡುಕಿ ಹುಡುಕಿ ಕೊಂದವು.’ ವಾಕ್ಯ ಉದ್ದವಾಯಿತು, ಕಣ್ಣೀರು ಇಲ್ಲ. ಆದರೆ ಈ ಬಾರಿ ಮೇಡಂ ಅದರ ಕೆಳಗೆ ಗೆರೆ ಎಳೆಯಲಿಲ್ಲ. ‘ಹೊಡೆದುರುಳಿಸಲಾಯಿತು’ ಎಂದು ಕರ್ತೃವನ್ನು ಬಿಟ್ಟದ್ದು ಉದ್ದೇಶಪೂರ್ವಕ: ವಿಮಾನ ಉರುಳಿಸಿದವರು ಯಾರು ಎಂಬುದು ಇಂದಿಗೂ ವಿವಾದ. ಕರ್ಮಣಿ ಪ್ರಯೋಗಕ್ಕೆ ನಾನು ಕೊಟ್ಟ ಜಾಗ ಅದೊಂದೇ.

ಕ್ರೌರ್ಯವನ್ನು ಎಷ್ಟು ತೋರಿಸಬೇಕು? ಮೊದಲ ಕರಡಿನಲ್ಲಿ ಮಚ್ಚಿನ ಗಾಯಗಳಿಗೇ ಅರ್ಧ ಪುಟ ಮೀಸಲಾಗಿತ್ತು, ಕೊಂದವರು ‘ರಾಕ್ಷಸರು’ ಆಗಿದ್ದರು. ಅದನ್ನೆಲ್ಲ ತೆಗೆದು ಒಬ್ಬನೇ ಮನುಷ್ಯನನ್ನು ಇಟ್ಟೆ: ಟಾಬಾ ಎಂಬ ಆಡಳಿತ ಘಟಕದ ಮೇಯರ್ ಜಾನ್-ಪಾಲ್ ಅಕಾಯೆಸು. ಆತ ಹಿಂದೆ ಶಾಲಾ ಶಿಕ್ಷಕ. ಮೊದಲ ಕೆಲವು ದಿನ ಟಾಬಾದಲ್ಲಿ ಹಿಂಸೆಯನ್ನು ತಡೆಯಲು ಯತ್ನಿಸಿದ್ದ. ಏಪ್ರಿಲ್ 18ರಂದು ಮಧ್ಯಂತರ ಸರ್ಕಾರದವರ ಸಭೆಗೆ ಹೋಗಿ ಬಂದ ಮೇಲೆ ಬದಲಾದ. ಮರುದಿನ ಜನರ ಮುಂದೆ ನಿಂತು ಟುಟ್ಸಿಗಳ ನಾಶಕ್ಕೆ ಕರೆ ಕೊಟ್ಟ. 1998ರ ಸೆಪ್ಟೆಂಬರ್ 2ರಂದು ಟಾಂಜಾನಿಯಾದ ಅರುಶಾದಲ್ಲಿದ್ದ, ರುವಾಂಡಾದ ಅಪರಾಧಗಳ ವಿಚಾರಣೆಯ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವನನ್ನು ಜನಾಂಗ ಹತ್ಯೆಯ ಅಪರಾಧಿ ಎಂದು ಘೋಷಿಸಿತು. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಆ ಅಪರಾಧಕ್ಕೆ ಕೊಟ್ಟ ಮೊದಲ ತೀರ್ಪು ಅದು. ರಾಕ್ಷಸ ಎಂದಿದ್ದರೆ ಏಪ್ರಿಲ್ 18 ಎಂಬ ದಿನಾಂಕ ಯಾರಿಗೂ ಬೇಕಾಗುತ್ತಿರಲಿಲ್ಲ. ಶಿಕ್ಷಕ ಎಂದಾಗ ಅದೊಂದೇ ಬೇಕಾಗುತ್ತದೆ.

ಆ ತೀರ್ಪಿನಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸರ ಸಾಕ್ಷ್ಯವಿದೆ. ಹೆಸರಿನ ಬದಲು ಅಕ್ಷರಗಳಿಂದ ಅವರನ್ನು ಗುರುತಿಸಲಾಗಿದೆ. ಆ ಪುಟಗಳಿಂದ ನಾನು ಒಂದು ವಿವರವನ್ನೂ ಎತ್ತಿಕೊಳ್ಳಲಿಲ್ಲ. ‘ಗುಂಪನ್ನು ನಾಶಮಾಡುವ ಉದ್ದೇಶದಿಂದ ನಡೆಸಿದ ಅತ್ಯಾಚಾರವೂ ಜನಾಂಗ ಹತ್ಯೆಯೇ ಎಂದು ನ್ಯಾಯಮಂಡಳಿ ತೀರ್ಮಾನಿಸಿತು, ಆ ತೀರ್ಮಾನ ನಿಂತಿರುವುದು ಹೆಸರು ಮರೆಮಾಡಿ ಸಾಕ್ಷ್ಯ ನುಡಿದ ಹೆಂಗಸರ ಮಾತಿನ ಮೇಲೆ’ ಎಂದು ಬರೆದೆ. ಅವರು ನ್ಯಾಯಾಲಯದ ಮುಂದೆ ಹೇಳಿದ್ದನ್ನು ನನ್ನ ಪ್ರಬಂಧಕ್ಕೆ ಕಾವು ಕೊಡಲು ಬಳಸುವ ಹಕ್ಕು ನನಗಿಲ್ಲ ಎಂದೇ ಈಗಲೂ ಭಾವಿಸುತ್ತೇನೆ.

ಕೊಲೆಗಾರರ ಭಾಷೆಯನ್ನು ಮಾತ್ರ ಉಳಿಸಿಕೊಂಡೆ, ಆದರೆ ಉದ್ಧರಣ ಚಿಹ್ನೆಯೊಳಗೆ, ಯಾರು ಆಡಿದ್ದು ಎಂಬುದರ ಜೊತೆಗೆ. ಹುಟು ತೀವ್ರವಾದಿಗಳ ಆರ್‌ಟಿಎಲ್‌ಎಂ ರೇಡಿಯೊ ಟುಟ್ಸಿಗಳನ್ನು ‘ಇನ್ಯೆಂಜಿ’, ಅಂದರೆ ಜಿರಳೆಗಳು, ಎಂದು ಕರೆಯುತ್ತಿತ್ತು; ಕೊಲ್ಲುವುದಕ್ಕೆ ‘ಕೆಲಸ’ ಎನ್ನುತ್ತಿತ್ತು. ಒಂದು ಕಡೆ ಚಿಹ್ನೆ ಹಾಕಲು ಮರೆತು ‘ಕೆಲಸ ಮುಗಿಸಿದರು’ ಎಂದು ಬರೆದಿದ್ದೆ. ಗಟ್ಟಿಯಾಗಿ ಓದಿಕೊಂಡಾಗಲೇ ಅದು ಕಿವಿಗೆ ಬಿದ್ದದ್ದು, ಅವರ ಮಾತು ನನ್ನ ಬಾಯಿಂದ.

ಕೊನೆಗೆ ಸಂಖ್ಯೆ. ‘ಲಕ್ಷಾಂತರ’ ಎಂಬುದು ನುಣುಚಿಕೊಳ್ಳುವ ಪದ. ವಿಶ್ವಸಂಸ್ಥೆ ಸಾಮಾನ್ಯವಾಗಿ ಹೇಳುವುದು ಸುಮಾರು 8 ಲಕ್ಷ. ರುವಾಂಡಾ ಸರ್ಕಾರದ ಎಣಿಕೆ 10 ಲಕ್ಷಕ್ಕಿಂತ ಹೆಚ್ಚು. ಹ್ಯೂಮನ್ ರೈಟ್ಸ್ ವಾಚ್ 1999ರಲ್ಲಿ ಕನಿಷ್ಠ 5 ಲಕ್ಷ ಎಂದಿತು, ಅಂದರೆ ದೇಶದ ಟುಟ್ಸಿಗಳಲ್ಲಿ ಮುಕ್ಕಾಲು ಪಾಲು. ಒಂದನ್ನು ಆರಿಸಿ ಉಳಿದದ್ದನ್ನು ಮುಚ್ಚಿಡುವ ಬದಲು ಮೂರನ್ನೂ ಕೊಟ್ಟೆ, ಯಾರ ಲೆಕ್ಕ ಎಂದು ಸೇರಿಸಿ. ಆದರೆ ಹಾಗೆ ಕೊಟ್ಟಾಗ ಹತ್ಯೆಯೇ ಸಂಶಯಾಸ್ಪದ ಎಂಬ ಛಾಯೆ ಬರುವ ಅಪಾಯವಿತ್ತು. ನಿರಾಕರಿಸುವವರು ಸಂದು ಹುಡುಕುವುದೇ ಅಲ್ಲಿ. ಅದಕ್ಕೆ ವ್ಯತ್ಯಾಸದ ಕಾರಣವನ್ನು ಪಕ್ಕದಲ್ಲೇ ಇಟ್ಟೆ: ಹತ್ಯೆಗೆ ಮೊದಲು ಟುಟ್ಸಿಗಳು ಎಷ್ಟಿದ್ದರು ಎಂಬುದನ್ನು 1991ರ ಜನಗಣತಿಯಿಂದ ಖಚಿತವಾಗಿ ಹೇಳಲಾಗುವುದಿಲ್ಲ, ಕೊಲೆಯಾದ ಹುಟುಗಳನ್ನು ಸೇರಿಸಬೇಕೇ ಎಂಬುದರಲ್ಲೂ ಲೆಕ್ಕಗಳು ಬೇರೆಯಾಗುತ್ತವೆ. ನಂತರ ಇನ್ನೊಂದು ವಾಕ್ಯ: ‘ಈ ಮೂರು ಲೆಕ್ಕಗಳ ನಡುವಿನ ಭಿನ್ನಾಭಿಪ್ರಾಯ ಎಷ್ಟು ಜನ ಎಂಬುದರ ಬಗ್ಗೆ, ನಡೆಯಿತೇ ಎಂಬುದರ ಬಗ್ಗೆ ಅಲ್ಲ.’

ಮುಕ್ತಾಯಕ್ಕೆ ‘ಇಂತಹದು ಮತ್ತೆಂದೂ ನಡೆಯದಿರಲಿ’ ಎಂದಿತ್ತು. ಅದನ್ನು ಹೊಡೆದುಹಾಕಿ ಏಪ್ರಿಲ್ 21ಕ್ಕೆ ಹೋದೆ. ಅಂದು, ಕೊಲೆಗಳು ಆರಂಭವಾಗಿ ಎರಡು ವಾರವಾದಾಗ, ಭದ್ರತಾ ಮಂಡಳಿ ರುವಾಂಡಾದಲ್ಲಿದ್ದ ಶಾಂತಿಪಾಲನಾ ಪಡೆಯನ್ನು ಸುಮಾರು 270 ಜನಕ್ಕೆ ಇಳಿಸಲು ನಿರ್ಧರಿಸಿತು. ಪ್ರಬಂಧದ ಕೊನೆಯ ಸಾಲು ಆ ನಿರ್ಧಾರವೇ.