ಹದಿನೈದು ವರ್ಷ ಒಗ್ಗಿದ ಹೇರ್ ಡೈ ಈಗೇಕೆ ಒಗ್ಗುವುದಿಲ್ಲ: ನನ್ನ ಅನುಭವ

ಡೈ ಹಾಕಿಸುವ ಎರಡು ದಿನ ಮೊದಲೇ ನನ್ನ ಪಾರ್ಲರ್‌ಗೆ ಬಂದು ಅಲರ್ಜಿ ಪರೀಕ್ಷೆಗೆ ಕಿವಿಯ ಹಿಂದೆ ಸ್ವಲ್ಪ ಡೈ ಹಚ್ಚಿಸಿಕೊಂಡು ಹೋಗಿ ಎಂದರೆ ಗಿರಾಕಿಗಳು ಪಕ್ಕದ ಪಾರ್ಲರ್‌ಗೆ ಹೋಗುತ್ತಾರೆ ಎಂದು ಹಲವರು ನಕ್ಕಿದ್ದರು. ಕೆಲವರು ಹೋದದ್ದೂ ನಿಜ. ಮೊದಲ ವರ್ಷ ತಿಂಗಳಿಗೆ ಐದಾರು ಸಾವಿರ ಖೋತಾ. ಈಗ ಚರ್ಮವೈದ್ಯರೇ ನನ್ನ ಬಳಿ ಜನರನ್ನು ಕಳುಹಿಸುತ್ತಾರೆ.

ಈ ಪದ್ಧತಿಗೆ ಬೆಲೆ ಬಂದದ್ದು ಒಬ್ಬ ಶಿಕ್ಷಕಿಯಿಂದ. ಸುಮಾರು ಹದಿನೈದು ವರ್ಷ ಅದೇ ಕಂಪನಿ, ಅದೇ ನಂಬರ್. ‘ಇಷ್ಟು ವರ್ಷ ಆಗದ್ದು ಈಗ ಆಗುತ್ತದೆಯೇ ಮೇಡಂ?’ ಎಂದು ಗೊಣಗುತ್ತಲೇ ಹಚ್ಚಿಸಿಕೊಂಡರು. ಅಂದು ರಾತ್ರಿ ಏನೂ ಇಲ್ಲ, ಮರುದಿನ ಬೆಳಿಗ್ಗೆಯೂ ಇಲ್ಲ. ಎರಡನೆಯ ದಿನ ಸಂಜೆ ಹಚ್ಚಿದಷ್ಟೇ ಜಾಗ ಕೆಂಪಾಗಿ, ಸಾಸಿವೆಯಂಥ ನೀರುಗುಳ್ಳೆ ಎದ್ದು, ತುರಿಕೆ. ಅರ್ಧ ಗಂಟೆ ನೋಡಿ ಒರೆಸಿಬಿಡುವ ಪರೀಕ್ಷೆಯಲ್ಲಿ ಅವರು ಪಾಸಾಗುತ್ತಿದ್ದರು.

ಕೆದಕಿ ಕೇಳಿದಾಗ ತಿಳಿಯಿತು: ಆ ನಡುವೆ ಮದುವೆಯೊಂದರಲ್ಲಿ ಕೈಗೆ ಕಪ್ಪು ಮೆಹೆಂದಿ ಹಾಕಿಸಿಕೊಂಡಿದ್ದರು. ಹತ್ತು ದಿನದ ಮೇಲೆ ಬಳ್ಳಿಯ ಚಿತ್ತಾರವೇ ಕೈ ಮೇಲೆ ಉಬ್ಬಿ ತುರಿಸಿತ್ತಂತೆ. ಅಸಲಿ ಮೆಹೆಂದಿ ಕಿತ್ತಳೆಯಿಂದ ಕಂದು ಬಣ್ಣ ಕೊಡುತ್ತದೆ. ಕೆಲವೇ ಹೊತ್ತಿನಲ್ಲಿ ಕಡುಗಪ್ಪಾಗುವ ಕೋನ್‌ನಲ್ಲಿ ಹೆಚ್ಚಾಗಿ ಇರುವುದು ನಮ್ಮ ಡೈಯಲ್ಲಿರುವ ಪಿಪಿಡಿ ಎಂಬ ಬಣ್ಣದ ರಾಸಾಯನಿಕವೇ, ಅದೂ ಅಳತೆಯಿಲ್ಲದೆ.

ಬದಲಾದದ್ದು ಡೈ ಅಲ್ಲ, ಅವರ ಮೈ. ಪಿಪಿಡಿ ಬಹಳ ಸಣ್ಣ ಕಣ. ಚರ್ಮದೊಳಗೆ ಇಳಿದು, ಆಮ್ಲಜನಕದ ಸಂಪರ್ಕದಿಂದ ರೂಪ ಬದಲಿಸಿ, ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ರಕ್ಷಣಾ ಕೋಶಗಳು ಅದನ್ನು ಒಮ್ಮೆ ಹಗೆಯೆಂದು ಗುರುತಿಟ್ಟುಕೊಂಡರೆ ಸಾಮಾನ್ಯವಾಗಿ ಮರೆಯುವುದಿಲ್ಲ. ಗುರುತು ಮೂಡುವುದು ಎರಡನೆಯ ಸಲವೋ ನೂರನೆಯ ಸಲವೋ ಹೇಳಲಾಗದು. ಪ್ರಮಾಣ ಹೆಚ್ಚಾದಷ್ಟೂ, ಚರ್ಮದ ಮೇಲೆ ಹೆಚ್ಚು ಹೊತ್ತು ಉಳಿದಷ್ಟೂ ಅಪಾಯ ಜಾಸ್ತಿ. ಆದ್ದರಿಂದ ಹಳೆಯ ಗಿರಾಕಿಯೆಂದು ನಾನು ಪರೀಕ್ಷೆ ಬಿಡುವುದಿಲ್ಲ, ಪ್ರತಿ ಸಲವೂ ಮಾಡುತ್ತೇನೆ.

ಇಂಥವರಿಗೆ ಕಂಪನಿ ಬದಲಿಸಿ ಪ್ರಯೋಜನವಿಲ್ಲ. ಅಮೋನಿಯಾ ಇಲ್ಲ ಎಂದು ಬರೆದ ಡಬ್ಬಿಯಲ್ಲೂ ಪಿಪಿಡಿ ಇರಬಹುದು. ಪಿಪಿಡಿ ಬದಲು ಅದರ ದಾಯಾದಿ ಪಿಟಿಡಿ ಇರುವ ದುಬಾರಿ ಟ್ಯೂಬುಗಳನ್ನೂ ತರಿಸಿದೆ. ಕೆಲವರಿಗೆ ಒಗ್ಗಿತು, ಕೆಲವರಿಗೆ ಅದಕ್ಕೂ ಗುಳ್ಳೆ ಎದ್ದಿತು; ಮೂರು ನಾಲ್ಕು ಸಾವಿರದ ಸರಕು ಕಪಾಟಿನಲ್ಲೇ ಉಳಿಯಿತು. ಕೊನೆಗೆ ಕೈ ಹಿಡಿದದ್ದು ಮೆಹೆಂದಿ ಮತ್ತು ಇಂಡಿಗೊ ಎನ್ನುವ ನೀಲಿ ಗಿಡದ ಸೊಪ್ಪಿನ ಪುಡಿ. ಎರಡನ್ನೂ ಕಲಸಿ ಹಚ್ಚಿದಾಗ ಬಿಳಿಕೂದಲು ಕಂದಿನಲ್ಲೇ ನಿಂತಿತು. ಮೊದಲು ಮೆಹೆಂದಿ ಹಚ್ಚಿ ತೊಳೆದು, ಆಮೇಲೆ ಆಗತಾನೇ ಕಲಸಿದ ನೀಲಿ ಹಚ್ಚಿದರೆ ಒಂದೆರಡು ದಿನದಲ್ಲಿ ಕಪ್ಪಿಗೆ ತಿರುಗುತ್ತದೆ. ನೀಲಿಗೆ ನಾನು ಬೆರೆಸುವ ಇನ್ನೊಂದು ವಸ್ತು ನನ್ನಲ್ಲೇ ಇರಲಿ. ನಾಲ್ಕು ಗಂಟೆ ಹಿಡಿಯುತ್ತದೆ, ಲಾಭ ಡೈಯ ಅರ್ಧವೂ ಇಲ್ಲ.

ಈ ಹಿಂದೆ ಡೈಯಿಂದ ಮುಖ ಊದಿದವರಿಗೆ ಮಾತ್ರ ನಾನು ಕಿವಿಯ ಹಿಂದೆಯೂ ಹಚ್ಚುವುದಿಲ್ಲ. ಅವರ ಪರೀಕ್ಷೆ ಚರ್ಮವೈದ್ಯರ ಕೆಲಸ.